ಸರಾಸರಿ ವೇಗದ ನೋಟಿಸು: ಎರಡು ಚಿತ್ರ, ಎರಡು ಸಮಯ, ಒಂದು ದೂರ. ಇದರಲ್ಲಿ ಯಾವುದನ್ನು ಪರಿಶೀಲಿಸಬೇಕು?

ದೂರದಾರಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮೂರು ದಿನದ ಹಿಂದೆ ನನಗೊಂದು ವೇಗಮಿತಿ ಉಲ್ಲಂಘನೆಯ ನೋಟಿಸು ಬಂದಿದೆ. ಒಂದೇ ಜಾಗದಲ್ಲಿ ವೇಗ ಅಳೆಯುವ ಕ್ಯಾಮೆರಾದ ನೋಟಿಸು ಇದಲ್ಲ. ರಸ್ತೆಯ ಒಂದು ತುದಿಯಲ್ಲಿ ಒಂದು, ಇನ್ನೊಂದು ತುದಿಯಲ್ಲಿ ಮತ್ತೊಂದು ಕ್ಯಾಮೆರಾ ಕಮಾನು ಇಟ್ಟು, ನಡುವಿನ ಸರಾಸರಿ ವೇಗವನ್ನು ಲೆಕ್ಕ ಹಾಕುವ ವ್ಯವಸ್ಥೆಯದು. ನೋಟಿಸಿನಲ್ಲಿರುವ ವಿವರ ಹೀಗಿದೆ: ಪ್ರವೇಶ 09:14:07.32, ನಿರ್ಗಮನ 09:17:05.81, ದೂರ 4,310 ಮೀಟರ್, ಮಿತಿ ಗಂಟೆಗೆ 80 ಕಿ.ಮೀ., ಅಳೆದ ಸರಾಸರಿ 86, ರಿಯಾಯಿತಿ 3 ಕಳೆದು ದಾಖಲಾದ ವೇಗ 83. ಎರಡು ಚಿತ್ರಗಳಿವೆ. ಎರಡರಲ್ಲೂ ಗಾಡಿಯ ಮುಂಭಾಗವೇ ಕಾಣುತ್ತದೆ, ಗಾಡಿ ನನ್ನದೇ ಎಂಬುದರಲ್ಲಿ ಅನುಮಾನವಿಲ್ಲ.

ಆ ದಾರಿಯಲ್ಲಿ ನಾನು ವಾರಕ್ಕೆರಡು ಬಾರಿ ಓಡಾಡುತ್ತೇನೆ, ಸ್ಪೀಡೋಮೀಟರಿನ ಮುಳ್ಳು 82ರ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳುತ್ತೇನೆ. ಅಂದು ಒಂದು ಲಾರಿಯನ್ನು ಓವರ್‌ಟೇಕ್ ಮಾಡಿದ್ದು ನೆನಪಿದೆ. ಅದೊಂದರಿಂದಲೇ ಇಡೀ ನಾಲ್ಕು ಕಿಲೋಮೀಟರಿನ ಸರಾಸರಿ 86ಕ್ಕೆ ಏರುವುದು ಸಾಧ್ಯವೇ? ದಂಡ ತಪ್ಪಿಸಿಕೊಳ್ಳುವ ಉಪಾಯ ನನಗೆ ಬೇಕಿಲ್ಲ. ಈ ಸಂಖ್ಯೆ ಎಲ್ಲಿಂದ ಬಂತು, ಅದರಲ್ಲಿ ತಪ್ಪಿದ್ದರೆ ನನ್ನಂಥ ಸಾಮಾನ್ಯ ಚಾಲಕನಿಗೆ ಅದು ತಿಳಿಯುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ನಿಧಾನಸ್ಥ

ಇದಕ್ಕೆ ಸುಲಭದ ದಾರಿ ಇದೆ. ಎರಡು ಕಮಾನುಗಳ ನಡುವೆ ಎಲ್ಲಾದರೂ ಬದಿಗೆ ಎರಡು ನಿಮಿಷ ಗಾಡಿ ನಿಲ್ಲಿಸಿ ಹೊರಟರೆ ಸರಾಸರಿ ತಾನಾಗಿಯೇ ಇಳಿಯುತ್ತದೆ. ನಾನು ಯಾವಾಗಲೂ ಹಾಗೆಯೇ ಮಾಡುತ್ತೇನೆ, ಇದುವರೆಗೆ ಒಂದೂ ನೋಟಿಸು ಬಂದಿಲ್ಲ.

ದೂರದಾರಿ

ನಿಧಾನಸ್ಥ ಅವರೇ, ನಾನು ಕೇಳಿದ್ದು ಮುಂದಿನ ಪ್ರಯಾಣದ ಬಗ್ಗೆ ಅಲ್ಲ, ಆಗಲೇ ಬಂದಿರುವ ನೋಟಿಸಿನ ಬಗ್ಗೆ. ಅಲ್ಲದೆ ಎರಡು ನಿಮಿಷ ನಿಂತು ಹೋಗುವುದಾದರೆ ವೇಗವಾಗಿ ಹೋಗಿ ಉಳಿಸಿದ ಸಮಯವಾದರೂ ಏನು?

ಅಳತೆಗಾರ

ನಾನು ಬಹಳ ವರ್ಷ ಅಳತೆ ಉಪಕರಣಗಳ ತಪಾಸಣೆಯ ಕೆಲಸದಲ್ಲಿದ್ದು ನಿವೃತ್ತನಾದವನು. ಕಾನೂನಿನ ವಿಚಾರ ಊರಿಂದೂರಿಗೆ ಬೇರೆ, ಅದರಲ್ಲಿ ನಾನು ತಜ್ಞನಲ್ಲ. ಅಳತೆಯ ಮಟ್ಟಿಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಸರಾಸರಿ ವೇಗದ ವ್ಯವಸ್ಥೆಯಲ್ಲಿ ಯಾರೂ ನಿಮ್ಮ ವೇಗವನ್ನು ನೇರವಾಗಿ ಅಳೆಯುವುದಿಲ್ಲ. ಮೊದಲ ಕ್ಯಾಮೆರಾ ನಂಬರ್ ಪ್ಲೇಟ್ ಓದಿ ಅದರ ಪಕ್ಕ ಸಮಯ ಬರೆದಿಡುತ್ತದೆ, ಎರಡನೆಯದೂ ಅದನ್ನೇ ಮಾಡುತ್ತದೆ. ಒಂದೇ ನಂಬರು ಎರಡೂ ಕಡೆ ಸಿಕ್ಕಾಗ ಕಂಪ್ಯೂಟರು ಕಳೆಯುವ ಲೆಕ್ಕ ಒಂದು, ಭಾಗಿಸುವ ಲೆಕ್ಕ ಒಂದು ಮಾಡುತ್ತದೆ. ಆದ್ದರಿಂದ ತಪ್ಪಿಗೆ ಜಾಗ ಇರುವುದು ಮೂರೇ ಕಡೆ: ಅದೇ ಗಾಡಿಯೇ, ಸಮಯ ಸರಿಯೇ, ದೂರ ಸರಿಯೇ. ರೇಡಾರಿನ ಕಿರಣ, ಪ್ರತಿಫಲನ, ಪಕ್ಕದ ಲೇನಿನ ಲಾರಿ ಮುಂತಾದ ಗೊಂದಲಗಳು ಇಲ್ಲಿಗೆ ಬರುವುದೇ ಇಲ್ಲ.

ನಿಮ್ಮ ಲೆಕ್ಕವನ್ನು ಕೈಯಲ್ಲೇ ಮಾಡೋಣ. ಎರಡು ಸಮಯಗಳ ಅಂತರ 178.49 ಸೆಕೆಂಡು. 4,310ನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 24.147 ಮೀಟರ್, ಅದನ್ನು 3.6ರಿಂದ ಗುಣಿಸಿದರೆ ಗಂಟೆಗೆ 86.9 ಕಿ.ಮೀ. ಅವರು ದಶಮಾಂಶವನ್ನು ಬಿಟ್ಟು 86 ಎಂದು ಹಿಡಿದಿದ್ದಾರೆ, ಅದು ನಿಮಗೆ ಅನುಕೂಲವೇ. ಅಂದರೆ ಗಣಿತದಲ್ಲಿ ತಪ್ಪಿಲ್ಲ.

ಇನ್ನು ಇದನ್ನೇ ತಿರುಗಿಸಿ ನೋಡಬೇಕು. ನಿಮ್ಮ ನಿಜವಾದ ಸರಾಸರಿ 80 ಇದ್ದು, ತಪ್ಪೆಲ್ಲ ಗಡಿಯಾರದ್ದೇ ಎನ್ನುವುದಾದರೆ, ಆ ದೂರಕ್ಕೆ 193.95 ಸೆಕೆಂಡು ಹಿಡಿಯಬೇಕಿತ್ತು. ಅಂದರೆ ಎರಡು ಗಡಿಯಾರಗಳ ನಡುವೆ ಹದಿನೈದು ಸೆಕೆಂಡಿಗೂ ಹೆಚ್ಚಿನ ವ್ಯತ್ಯಾಸ ಇರಬೇಕು. ಈ ಗಡಿಯಾರಗಳು ಸಾಮಾನ್ಯವಾಗಿ ಉಪಗ್ರಹದ ಸಮಯಕ್ಕೆ ಹೊಂದಿಕೊಂಡಿರುತ್ತವೆ, ಸರಿಯಾಗಿ ನಡೆಯುತ್ತಿರುವಾಗ ವ್ಯತ್ಯಾಸ ಸೆಕೆಂಡಿನ ಸಣ್ಣ ಭಾಗ ಮಾತ್ರ. ಹೊಂದಾಣಿಕೆ ಕಡಿದುಹೋದಾಗ ಗಡಿಯಾರ ನಿಧಾನವಾಗಿ ಸರಿಯುತ್ತದೆ, ಆದರೆ ಹದಿನೈದು ಸೆಕೆಂಡು ಸರಿದಿದ್ದರೆ ಅದು ನಿಮ್ಮೊಬ್ಬರ ಸಮಸ್ಯೆಯಾಗಿ ಉಳಿಯುವುದಿಲ್ಲ, ಆ ದಿನ ಆ ರಸ್ತೆಯಲ್ಲಿ ಹೋದವರೆಲ್ಲರಿಗೂ ನೋಟಿಸು ಹೋಗಿರುತ್ತದೆ.

ತಪ್ಪೆಲ್ಲ ದೂರದ್ದೇ ಎನ್ನುವುದಾದರೆ, 80ಕ್ಕೆ ಇಳಿಯಲು ನಿಜವಾದ ದೂರ 3,966 ಮೀಟರ್ ಇರಬೇಕು, ಅಂದರೆ 344 ಮೀಟರ್ ಕಡಿಮೆ. ಅಳೆದವರು ಇಷ್ಟು ತಪ್ಪುವುದು ಅಪರೂಪ. ಆದರೂ ಒಂದು ಮಾತು ಕೇಳುತ್ತೇನೆ: ದೂರ ಅಳೆದ ಮೇಲೆ ಆ ರಸ್ತೆಯಲ್ಲಿ ಏನಾದರೂ ಬದಲಾವಣೆ ಆಗಿದೆಯೇ?

ಹಳೆಚಕ್ರ

ಅಳತೆಗಾರರು ಒಂದು ಮುಖ್ಯ ವಿಷಯ ಬಿಟ್ಟಿದ್ದಾರೆ. ಕ್ಯಾಮೆರಾ ರಸ್ತೆಗೆ ಓರೆಯಾಗಿ ನೋಡುತ್ತಿರುತ್ತದೆ, ಆ ಕೋನದಿಂದಾಗಿ ವೇಗ ಯಾವಾಗಲೂ ಹೆಚ್ಚಾಗಿ ತೋರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೋನದ ದೋಷ ಎಂದು ಬರೆದು ಕಳಿಸಿದರೆ ಸಾಕು, ನೋಟಿಸು ಬಿದ್ದುಹೋಗುತ್ತದೆ.

ಅಳತೆಗಾರ

ಹಳೆಚಕ್ರ ಅವರೇ, ಕೋನ ಎಂಬುದು ನಿಜ, ಅದು ಎತ್ತ ವಾಲುತ್ತದೆ ಎಂಬುದರಲ್ಲಿ ಮಾತ್ರ ತಿರುವುಮುರುವಾಗಿದೆ. ರೇಡಾರ್ ಅಥವಾ ಲೇಸರ್ ನೋಡುವುದು ಗಾಡಿ ತನ್ನತ್ತ ಎಷ್ಟು ಬೇಗ ಸಮೀಪಿಸುತ್ತಿದೆ ಎಂಬುದನ್ನು. ರಸ್ತೆಯ ಬದಿಯಲ್ಲಿ ನಿಂತು ಓರೆಯಾಗಿ ನೋಡಿದರೆ ಆ ಸಮೀಪಿಸುವ ವೇಗ ನಿಜವಾದ ವೇಗಕ್ಕಿಂತ ಕಡಿಮೆಯೇ. ಕೋನ 10 ಡಿಗ್ರಿ ಇದ್ದರೆ 80ರಲ್ಲಿ ಹೋಗುವ ಗಾಡಿ 78.8 ಎಂದು ಕಾಣುತ್ತದೆ. ಕೈಯಲ್ಲಿ ಹಿಡಿಯುವ ಸಾಧನದಲ್ಲಿ ಈ ದೋಷ ಚಾಲಕನಿಗೇ ಲಾಭ.

ನೀವು ಹೇಳಿದ್ದರಲ್ಲಿ ಅರ್ಧ ನಿಜವಿರುವುದು ಬೇರೊಂದು ಬಗೆಯ ಸಾಧನದಲ್ಲಿ. ರಸ್ತೆಗೆ ಅಡ್ಡಲಾಗಿ, ಉದಾಹರಣೆಗೆ 22 ಡಿಗ್ರಿ ಕೋನದಲ್ಲಿ, ಶಾಶ್ವತವಾಗಿ ನಿಲ್ಲಿಸುವ ರೇಡಾರ್ ಆ ಕಡಿತವನ್ನು ಮೊದಲೇ ಲೆಕ್ಕ ಹಾಕಿ ಸೇರಿಸಿಕೊಂಡು ತೋರಿಸುತ್ತದೆ. ಅಂಥದ್ದನ್ನು ನಿಲ್ಲಿಸುವಾಗ 22ರ ಬದಲು 20 ಡಿಗ್ರಿಗೆ ತಿರುಗಿಸಿಟ್ಟರೆ, ಸೇರಿಸಿದ್ದು ಹೆಚ್ಚಾಗಿ, 80 ಎಂಬುದು 81 ಆಗುತ್ತದೆ. ಗಾಡಿ ಲೇನ್ ಬದಲಿಸುತ್ತ ಓರೆಯಾಗಿ ಹೋಗುತ್ತಿದ್ದರೂ ಹೀಗಾಗಬಹುದು. ಅದೂ ಒಂದೆರಡು ಕಿ.ಮೀ.ಯ ವಿಷಯವೇ ಹೊರತು ಹತ್ತಿಪ್ಪತ್ತರದ್ದಲ್ಲ. ಹೇಗಿದ್ದರೂ ದೂರದಾರಿಯವರ ನೋಟಿಸಿನಲ್ಲಿ ರೇಡಾರೇ ಇಲ್ಲ. ಕೋನದ ದೋಷ ಎಂದು ಬರೆದರೆ, ಬರೆದವರು ತಮ್ಮ ನೋಟಿಸನ್ನೇ ಓದಿಲ್ಲ ಎಂಬುದಷ್ಟೇ ತಿಳಿಯುತ್ತದೆ.

ಹಳೆಚಕ್ರ

ಒಪ್ಪಿದೆ. ನನ್ನ ಗೆಳೆಯರೊಬ್ಬರ ಪ್ರಕರಣದಲ್ಲಿ ಹಾಗೆ ಬರೆದಾಗ ನೋಟಿಸು ಹಿಂದಕ್ಕೆ ಹೋಗಿತ್ತು, ಆದರೆ ಅದು ನಿಜವಾಗಿ ಯಾವ ಕಾರಣಕ್ಕೆ ಹೋಯಿತೋ ಈಗ ಹೇಳಲಾರೆ.

ಗುಬ್ಬಚ್ಚಿ

ಚರ್ಚೆ ನಡೆಯುತ್ತಿರುವಾಗಲೇ ನನ್ನ ಪ್ರಕರಣವನ್ನೂ ಇಲ್ಲಿಡುತ್ತೇನೆ, ತಪ್ಪು ತಿಳಿಯಬೇಡಿ. ನನ್ನದು ಒಂದೇ ಜಾಗದ ರೇಡಾರ್ ಕ್ಯಾಮೆರಾ. ಮಿತಿ 60, ನೋಟಿಸಿನಲ್ಲಿ ನನ್ನ ವೇಗ 79. ಅರ್ಧ ಸೆಕೆಂಡಿನ ಅಂತರದಲ್ಲಿ ತೆಗೆದ ಎರಡು ಚಿತ್ರಗಳಿವೆ. ರಸ್ತೆಯ ಮೇಲೆ ಅಡ್ಡಕ್ಕೆ ಬಿಳಿ ಗೀರುಗಳಿವೆ, ಗೀರಿನಿಂದ ಗೀರಿಗೆ 2 ಮೀಟರ್ ಎಂದು ಕೆಳಗೆ ಬರೆದಿದೆ. ಪಕ್ಕದ ಲೇನಿನಲ್ಲಿ ನನ್ನನ್ನು ದಾಟಿ ಹೋಗುತ್ತಿರುವ ಒಂದು ದೊಡ್ಡ ಲಾರಿಯೂ ಚಿತ್ರದಲ್ಲಿದೆ. ಗೀರುಗಳು ಯಾತಕ್ಕೆ ಎಂಬುದೇ ನನಗೆ ತಿಳಿದಿಲ್ಲ.

ಅಳತೆಗಾರ

ಅಮ್ಮಾ, ಆ ಗೀರುಗಳು ಇರುವುದೇ ರೇಡಾರಿನ ಮಾತನ್ನು ಇನ್ನೊಂದು ಸಾಕ್ಷಿಯಿಂದ ಪರೀಕ್ಷಿಸಲು. 79ರಲ್ಲಿ ಹೋಗುವ ಗಾಡಿ ಅರ್ಧ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ, ಅಂದರೆ ಐದೂವರೆ ಗೀರು. 60ರಲ್ಲಿ ಹೋದರೆ ನಾಲ್ಕು ಗೀರು ದಾಟಿ ಸ್ವಲ್ಪ. ಎರಡೂ ಚಿತ್ರಗಳನ್ನು ದೊಡ್ಡದಾಗಿ ತೆರೆದು, ಒಂದೇ ಚಕ್ರ ನೆಲ ಮುಟ್ಟುವ ಬಿಂದುವನ್ನು ಗುರುತು ಮಾಡಿ ಗೀರುಗಳನ್ನು ಎಣಿಸಿ. ಬಂಪರನ್ನಾಗಲಿ ನಂಬರ್ ಪ್ಲೇಟನ್ನಾಗಲಿ ಹಿಡಿಯಬೇಡಿ. ಅವು ನೆಲದಿಂದ ಮೇಲಿರುವುದರಿಂದ ಕ್ಯಾಮೆರಾದ ಎತ್ತರಕ್ಕೆ ತಕ್ಕಂತೆ ಹಿಂದಿನ ಗೀರಿನ ಮೇಲೆ ಬಿದ್ದಂತೆ ಕಾಣುತ್ತವೆ, ಮತ್ತು ಆ ತಪ್ಪು ಎರಡು ಚಿತ್ರಗಳಲ್ಲಿ ಒಂದೇ ಸಮ ಇರುವುದಿಲ್ಲ.

ಗುಬ್ಬಚ್ಚಿ

ಮೂರು ಸಲ ಎಣಿಸಿದೆ. ಹಿಂದಿನ ಎಡ ಚಕ್ರ ಮೊದಲ ಚಿತ್ರದಲ್ಲಿ ಎರಡನೆಯ ಗೀರಿನ ಮೇಲೆಯೇ ಇದೆ. ಎರಡನೆಯ ಚಿತ್ರದಲ್ಲಿ ಆರನೆಯದನ್ನು ದಾಟಿ ಏಳನೆಯದರತ್ತ ಕಾಲು ಭಾಗ ಬಂದಿದೆ. ನಾಲ್ಕೂಕಾಲು ಗೀರು, ಅಂದರೆ 8.5 ಮೀಟರ್ ಎಂದಾಯಿತು.

ಅಳತೆಗಾರ

ಹಾಗಾದರೆ ಸೆಕೆಂಡಿಗೆ 17 ಮೀಟರ್, ಗಂಟೆಗೆ 61 ಕಿ.ಮೀ. ನಿಮ್ಮ ಕಣ್ಣಳತೆಯಲ್ಲಿ ಕಾಲು ಗೀರು ಹೆಚ್ಚುಕಡಿಮೆ ಆಗಿದ್ದರೂ ಅದು ಮೂರೂವರೆ ಕಿ.ಮೀ.ಯಷ್ಟೇ, 61 ಎಂಬುದು 79 ಆಗುವುದಿಲ್ಲ. ಈಗ ಅದೇ ರೀತಿ ಲಾರಿಯ ಚಕ್ರವನ್ನೂ ಎಣಿಸಿ. ಅದು ಐದೂವರೆ ಗೀರು ಸಾಗಿದ್ದರೆ ರೇಡಾರ್ ಕೇಳಿಸಿಕೊಂಡದ್ದು ಲಾರಿಯನ್ನು, ಬರೆದದ್ದು ನಿಮ್ಮ ನಂಬರನ್ನು. ದೊಡ್ಡ ಲೋಹದ ಮೈ ಇರುವ ವಾಹನ ಪಕ್ಕದಲ್ಲಿದ್ದಾಗ ಇದು ನಡೆಯುತ್ತದೆ, ಎರಡು ಚಿತ್ರ ತೆಗೆಯುವ ಪದ್ಧತಿ ಇರುವುದೇ ಇದಕ್ಕಾಗಿ. ಎರಡು ಚಿತ್ರಗಳ ಮೇಲೂ ಸಮಯ ಸೆಕೆಂಡಿನ ಭಾಗಗಳವರೆಗೆ ಮುದ್ರಿತವಾಗಿದೆಯೇ ಎಂದೂ ನೋಡಿಕೊಳ್ಳಿ. ಅರ್ಧ ಸೆಕೆಂಡು ಎಂಬ ಮಾತೇ ಸುಳ್ಳಾಗಿದ್ದರೆ ನಮ್ಮ ಲೆಕ್ಕವೂ ಸುಳ್ಳು.

ಇಂಥ ಎರಡನೆಯ ಪರೀಕ್ಷೆಯನ್ನು ಯಾರೂ ಮಾಡದೆ ನೋಟಿಸು ಕಳಿಸಿದಾಗ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ವೆಸ್ಟರ್ನ್ ರಿಂಗ್ ರೋಡಿನ ಸ್ಥಿರ ಕ್ಯಾಮೆರಾ ಒಂದು ಹಳೆಯ ಡಾಟ್ಸನ್ 120ವೈ ಕಾರಿಗೆ ಗಂಟೆಗೆ 158 ಕಿ.ಮೀ. ಎಂದು ಬರೆಯಿತು. ಪರೀಕ್ಷಿಸಿ ನೋಡಿದರೆ ಆ ಕಾರಿಗೆ ಅಷ್ಟು ವೇಗವಾಗಿ ಓಡುವ ಶಕ್ತಿಯೇ ಇರಲಿಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ 2012ರಲ್ಲಿ ಕೆಂಪು ದೀಪಕ್ಕೆ ನಿಂತಿದ್ದ ಕಾರಿಗೇ ವೇಗದ ನೋಟಿಸು ಹೋಗಿತ್ತು. ನೋಟಿಸಿನ ಜೊತೆಗಿದ್ದ ಚಿತ್ರಗಳಲ್ಲೇ ಕಾರು ಒಂದಿಂಚೂ ಕದಲದೆ ನಿಂತಿತ್ತು.

ಗುಬ್ಬಚ್ಚಿ

ಲಾರಿಯದು ಐದು ಗೀರಿಗಿಂತ ಹೆಚ್ಚು ಬರುತ್ತಿದೆ. ಆದರೆ ಅದರ ಮುಂದಿನ ಚಕ್ರ ಎರಡನೆಯ ಚಿತ್ರದ ಅಂಚಿನಲ್ಲಿ ಕತ್ತರಿಸಿಹೋಗಿದೆ. ಕತ್ತರಿಸದ ಮೂಲ ಚಿತ್ರವನ್ನು ಕೇಳುತ್ತೇನೆ. ಬಹಳ ಉಪಕಾರವಾಯಿತು ಸಾರ್.

ಕಡತ

ಇಂಥ ಆಕ್ಷೇಪಣೆಗಳನ್ನು ಬರೆದುಕೊಡುವ ಕೆಲಸ ನನ್ನದು, ಆದ್ದರಿಂದ ಎರಡು ಮಾತು. ಮೂಲ ಚಿತ್ರ ಕೇಳುವಾಗ ಪ್ರತ್ಯೇಕವಾಗಿ ಒಂದು ವಿಷಯ ಗಮನಿಸಿ: ದಾಖಲೆ ಕೇಳಿ ಪತ್ರ ಬರೆದ ಮಾತ್ರಕ್ಕೆ ಆಕ್ಷೇಪಣೆಯ ಗಡುವು ನಿಲ್ಲುವುದಿಲ್ಲ, ಬಹಳ ಕಡೆ ಅದು ನೋಟಿಸು ಕೈಸೇರಿದ ದಿನದಿಂದ ಓಡುತ್ತಲೇ ಇರುತ್ತದೆ. ದಾಖಲೆ ಬರಲಿ ಎಂದು ಕಾದು ಕೂತು ಗಡುವು ಕಳೆದುಕೊಂಡವರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಮೊದಲು ಚಿಕ್ಕದೊಂದು ಆಕ್ಷೇಪಣೆ ಸಲ್ಲಿಸಿ, ವಿವರವನ್ನು ದಾಖಲೆ ಬಂದ ಮೇಲೆ ಸೇರಿಸುತ್ತೇನೆಂದು ಅದರಲ್ಲೇ ಬರೆಯಿರಿ.

ಕೇಳಬೇಕಾದದ್ದು ರಾಶಿ ಕಾಗದವಲ್ಲ. ಸಾಧನದ ತಪಾಸಣಾ ಪ್ರಮಾಣಪತ್ರ ಕೇಳಿ, ಅದರಲ್ಲಿರುವ ಕ್ರಮಸಂಖ್ಯೆ ನೋಟಿಸಿನಲ್ಲಿರುವುದಕ್ಕೆ ಹೊಂದುತ್ತದೆಯೇ, ನೀವು ಹೋದ ದಿನ ಅದರ ಅವಧಿಯೊಳಗೆ ಬರುತ್ತದೆಯೇ ಎಂದು ನೋಡಿ. ಸರಾಸರಿ ವೇಗದ ನೋಟಿಸಾದರೆ ದೂರದ ಪ್ರಮಾಣಪತ್ರವನ್ನು ಬೇರೆಯಾಗಿ ಕೇಳಬೇಕು, ಅದು ಸಾಮಾನ್ಯವಾಗಿ ಇನ್ನೊಂದು ಕಡತದಲ್ಲಿರುತ್ತದೆ. ಆ ದಿನದ ಗಡಿಯಾರ ಹೊಂದಾಣಿಕೆಯ ದಾಖಲೆಯೂ ಬೇಕು. ಅವಧಿ ಒಂದು ದಿನ ಮೀರಿದ್ದರೂ ನೋಟಿಸು ಬಿದ್ದುಹೋಗುತ್ತದೆ ಎಂಬುದು ನನ್ನ ಅನುಭವ.

ಅಳತೆಗಾರ

ಕಡತ ಅವರೊಂದಿಗೆ ಇಲ್ಲಿ ಒಂದು ಭಿನ್ನಾಭಿಪ್ರಾಯ. ಪ್ರಮಾಣಪತ್ರದ ಅವಧಿ ನಿನ್ನೆ ಮುಗಿದಿದೆ ಎಂದರೆ ಸಾಧನ ಇಂದು ತಪ್ಪು ತೋರಿಸುತ್ತಿದೆ ಎಂದೇನೂ ಅಲ್ಲ. ತಪಾಸಣೆಗೆ ಬಂದ ಸಾಧನಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಅವಧಿ ಮುಗಿದು ತಿಂಗಳುಗಟ್ಟಲೆ ಆದವು ಸರಿಯಾಗಿರುತ್ತಿದ್ದವು, ಹೊಸ ಪ್ರಮಾಣಪತ್ರ ಅಂಟಿಸಿಕೊಂಡವು ಒಮ್ಮೊಮ್ಮೆ ಕೆಟ್ಟಿರುತ್ತಿದ್ದವು.

ಕಡತ

ನೀವು ಹೇಳುವುದು ಸತ್ಯದ ಪ್ರಶ್ನೆ, ನಾನು ಹೇಳುವುದು ಪುರಾವೆಯ ಪ್ರಶ್ನೆ. ಸಾಧನವನ್ನು ನಂಬಿ ಎಂದು ಹೇಳುವವರು ನಂಬಲು ಆಧಾರ ಕೊಡಬೇಕು. ಅವಧಿ ಮುಗಿದ ಕಾಗದ ಆಧಾರವಲ್ಲ ಎಂದು ಒಂದು ಕಡೆ ಒಪ್ಪುತ್ತಾರೆ, ಇನ್ನೊಂದು ಕಡೆ ಒಪ್ಪುವುದಿಲ್ಲ. ಇದನ್ನು ನಾವಿಬ್ಬರು ಇಲ್ಲಿ ಕೂತು ತೀರ್ಮಾನಿಸಲಾಗದು.

ದೂರದಾರಿ

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಆಕ್ಷೇಪಣೆ ಸಲ್ಲಿಸಿದೆ. ಗಾಡಿಯಲ್ಲಿ ಡ್ಯಾಶ್‌ಕ್ಯಾಮ್ ಇರುವುದು ನನಗೆ ಮರೆತೇಹೋಗಿತ್ತು. ಪುಣ್ಯಕ್ಕೆ ಆ ದಿನದ ವಿಡಿಯೊ ಇನ್ನೂ ಅಳಿಸಿಹೋಗಿರಲಿಲ್ಲ. ಮೊದಲ ಕಮಾನು ಗಾಜಿನ ಮೇಲಂಚಿನಿಂದ ಮರೆಯಾಗುವ ಕ್ಷಣದಿಂದ ಎರಡನೆಯ ಕಮಾನು ಅಲ್ಲೇ ಮರೆಯಾಗುವ ಕ್ಷಣದವರೆಗೆ ಎಣಿಸಿದರೆ 178.7 ಸೆಕೆಂಡು ಬರುತ್ತದೆ. ವಿಡಿಯೊ ಒಂದೊಂದು ನಿಮಿಷದ ತುಂಡುಗಳಾಗಿ ಉಳಿದಿದೆ, ತುಂಡುಗಳ ನಡುವೆ ಏನಾದರೂ ಬಿಟ್ಟುಹೋಗಿದೆಯೇ ಎಂದು ಪರದೆಯ ಮೇಲಿನ ಗಡಿಯಾರದಿಂದ ನೋಡಿಕೊಂಡೆ, ಇಲ್ಲ.

ಇದರಿಂದ ನನ್ನ ಕೋಪ ಅರ್ಧ ಇಳಿಯಿತು. ಗಡಿಯಾರಗಳ ಮೇಲೆ ಸುಮ್ಮನೆ ಅನುಮಾನಪಟ್ಟೆ.

ಆದರೆ ಅಳತೆಗಾರರು ಕೇಳಿದ ಇನ್ನೊಂದು ಪ್ರಶ್ನೆಯನ್ನು ಈಗ ಉತ್ತರಿಸಬೇಕು. ಹೌದು, ರಸ್ತೆ ಬದಲಾಗಿದೆ. ಮೊದಲು ನಡುವೆ ಒಂದು ದೊಡ್ಡ ತಿರುವು ಇತ್ತು. ಹಲವು ತಿಂಗಳ ಕಾಮಗಾರಿಯ ನಂತರ ಅದನ್ನು ನೇರಗೊಳಿಸಿ ಹೊಸ ರಸ್ತೆ ಹಾಸಿದ್ದಾರೆ. ಹಳೆಯ ತಿರುವಿನ ಡಾಂಬರು ಬದಿಯಲ್ಲಿ ಹುಲ್ಲು ಬೆಳೆದು ಇನ್ನೂ ಕಾಣುತ್ತದೆ. ಇಂಥದ್ದರಿಂದ ವ್ಯತ್ಯಾಸವಾಗುತ್ತದೆಯೇ, ಅಥವಾ ಲೇನ್ ಬದಲಿಸಿದಷ್ಟೇ ಸಣ್ಣದೇ?

ಅಳತೆಗಾರ

ನೀವು ಎರಡೂ ಕಡೆ ಕಮಾನನ್ನೇ ಗುರುತಾಗಿ ಹಿಡಿದದ್ದು ಸರಿ. ಕ್ಯಾಮೆರಾ ಚಿತ್ರ ತೆಗೆಯುವುದು ಕಮಾನಿಗೆ ಇನ್ನೂ ಕೆಲವು ಮೀಟರ್ ದೂರ ಇರುವಾಗ. ಆದರೆ ನಿಮ್ಮ ಎರಡು ಚಿತ್ರಗಳೂ ಮುಂಭಾಗದವೇ ಆದ್ದರಿಂದ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಮೀಟರ್ ಮುಂಚೆ ತೆಗೆದಿರುತ್ತವೆ, ಆ ವ್ಯತ್ಯಾಸ ಹೊಡೆದುಹೋಗುತ್ತದೆ. ಒಂದು ಕಡೆ ಮುಂಭಾಗ, ಇನ್ನೊಂದು ಕಡೆ ಹಿಂಭಾಗ ತೆಗೆಯುವಂತಿದ್ದರೆ ಹೀಗೆ ಹೊಡೆದುಹೋಗುವುದಿಲ್ಲ. ಆಗ ದೂರವನ್ನು ಕಮಾನಿನಿಂದ ಕಮಾನಿಗೆ ಅಳೆದಿದ್ದಾರೋ, ಚಿತ್ರ ಬೀಳುವ ಜಾಗದಿಂದ ಜಾಗಕ್ಕೋ ಎಂಬುದನ್ನು ವಿಚಾರಿಸಲೇಬೇಕು.

ಲೇನಿನ ಮಾತು ಬೇರೆ. 90 ಡಿಗ್ರಿ ತಿರುವಿನಲ್ಲಿ ಹೊರಗಿನ ಲೇನ್ ಬಿಟ್ಟು ಒಳಗಿನದರಲ್ಲಿ ಹೋದರೆ, ಲೇನಿನ ಅಗಲ ಮೂರೂವರೆ ಮೀಟರ್ ಎಂದು ಹಿಡಿದರೂ, ಉಳಿಯುವುದು ಐದೂವರೆ ಮೀಟರ್. ನಿಮ್ಮ 4,310ರಲ್ಲಿ ಅದು ಲೆಕ್ಕಕ್ಕೇ ಬಾರದು. ಅಲ್ಲದೆ ಪ್ರಾಮಾಣಿಕವಾಗಿ ಅಳೆಯುವವರು ಗಾಡಿ ಹೋಗಬಹುದಾದ ಅತಿ ಚಿಕ್ಕ ದಾರಿಯನ್ನೇ ಅಳೆಯುತ್ತಾರೆ, ಆಗ ಉಳಿದ ಯಾವ ದಾರಿಯಲ್ಲಿ ಹೋದರೂ ಲೆಕ್ಕ ಹಾಕಿದ ವೇಗ ನಿಜಕ್ಕಿಂತ ಕಡಿಮೆಯೇ ಬರುತ್ತದೆ. ಈ ಸಣ್ಣ ತಪ್ಪುಗಳು ಕಾಡುವುದು ಕಮಾನುಗಳ ನಡುವೆ 400 ಮೀಟರ್ ಮಾತ್ರ ಇರುವ ಕಡೆ. ಅಲ್ಲಿ 10 ಮೀಟರ್ ತಪ್ಪಿದರೆ 80ಕ್ಕೆ 2 ಕಿ.ಮೀ. ಸೇರುತ್ತದೆ, ನಿಮ್ಮಲ್ಲಿ ಅದೇ 10 ಮೀಟರಿಗೆ 0.2 ಮಾತ್ರ.

ಇಡೀ ತಿರುವನ್ನೇ ಕತ್ತರಿಸಿ ಹಾಕಿದರೆ ಮಾತ್ರ ನೂರಾರು ಮೀಟರ್ ಹೋಗಬಹುದು. ದೂರ ಅಳೆದದ್ದು ತಿರುವು ನೇರವಾಗುವ ಮೊದಲೋ ಆಮೇಲೋ? ಪ್ರಮಾಣಪತ್ರದ ತಾರೀಖು ನೋಡದೆ ಏನೂ ಹೇಳಲಾಗದು. ಅಷ್ಟರಲ್ಲಿ ನೀವೇ ಒಂದು ಕೆಲಸ ಮಾಡಬಹುದು. ನಿಮ್ಮ ಡ್ಯಾಶ್‌ಕ್ಯಾಮ್ ಜಿಪಿಎಸ್ ವೇಗವನ್ನು ಪರದೆಯ ಮೇಲೆ ಬರೆಯುವಂಥದ್ದೇ? ಹಾಗಿದ್ದರೆ ಪ್ರತಿ ಸೆಕೆಂಡಿನ ವೇಗವನ್ನು ಬರೆದುಕೊಂಡು ಎಲ್ಲವನ್ನೂ ಕೂಡಿ, 3.6ರಿಂದ ಭಾಗಿಸಿ. ಬರುವುದು ನೀವು ಸಾಗಿದ ಮೀಟರುಗಳು.

ಮತ್ತೊಂದು. ಸ್ಪೀಡೋಮೀಟರ್ 82 ತೋರಿಸಿದರೆ ನಿಜವಾದ ವೇಗ 82ಕ್ಕಿಂತ ಕಡಿಮೆ ಇರಬೇಕು. ಸ್ಪೀಡೋಮೀಟರು ನಿಜಕ್ಕಿಂತ ಹೆಚ್ಚು ತೋರಿಸಬಹುದೇ ಹೊರತು ಕಡಿಮೆ ತೋರಿಸಬಾರದು ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮ 39ರ ಷರತ್ತು. ನೀವು ಟೈರು ಬದಲಿಸಿದ್ದೀರಾ?

ದೂರದಾರಿ

ಬದಲಿಸಿದ್ದೇನೆ. ಕಳೆದ ವರ್ಷ ಒಂದು ಅಳತೆ ದೊಡ್ಡದು ಹಾಕಿಸಿದೆ, ನೋಡಲು ಚೆನ್ನಾಗಿರುತ್ತದೆಂದು. ಅದು ಸ್ಪೀಡೋಮೀಟರಿಗೆ ತಟ್ಟುತ್ತದೆಂದು ಅಂಗಡಿಯವರೂ ಹೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಪರದೆಯ ಮೇಲೆ ಜಿಪಿಎಸ್ ವೇಗ ಬರುತ್ತದೆ. ಒಂದು ಸಂಜೆ ಪೂರ್ತಿ ಕೂತು 178 ಸಾಲು ಬರೆದೆ. ಹೆಚ್ಚಿನ ಹೊತ್ತು 83, 84 ಇದೆ. ಲಾರಿ ದಾಟುವಾಗ ಕೆಲವು ಸೆಕೆಂಡು 101ರವರೆಗೂ ಹೋಗಿದೆ, ಅದನ್ನು ಮುಚ್ಚಿಡುವುದಿಲ್ಲ. ಎಲ್ಲ ಕೂಡಿದರೆ 15,060. 3.6ರಿಂದ ಭಾಗಿಸಿದರೆ 4,183 ಮೀಟರ್. ನಕ್ಷೆಯಲ್ಲಿ ಈಗಿನ ರಸ್ತೆಯ ಮೇಲೆ ಗೆರೆ ಎಳೆದು ಅಳೆದರೆ ಸುಮಾರು 4,180 ಬರುತ್ತದೆ. ನೋಟಿಸಿನ ದೂರಕ್ಕೂ ಇದಕ್ಕೂ 130 ಮೀಟರ್ ವ್ಯತ್ಯಾಸ.

ಹಳೆಚಕ್ರ

ಜಿಪಿಎಸ್ ಎಂದರೆ ಹತ್ತು ಮೀಟರ್ ಅತ್ತಿತ್ತ ತಪ್ಪುತ್ತದೆ, ಅದನ್ನು ಯಾರು ನಂಬುತ್ತಾರೆ?

ಅಳತೆಗಾರ

ಸ್ಥಾನ ತಪ್ಪುತ್ತದೆ, ಹತ್ತು ಮೀಟರ್ ಅನ್ನಿ. ವೇಗವನ್ನು ಮಾತ್ರ ಬಹುತೇಕ ಜಿಪಿಎಸ್ ಸಾಧನಗಳು ಸ್ಥಾನದಿಂದ ಕಳೆದು ಲೆಕ್ಕ ಹಾಕುವುದಿಲ್ಲ, ಉಪಗ್ರಹದ ಸಂಕೇತದ ಆವರ್ತನ ಬದಲಾಗುವುದರಿಂದ ಪಡೆಯುತ್ತವೆ. ಆಕಾಶ ಬಯಲಾಗಿದ್ದು ವೇಗ ಸ್ಥಿರವಾಗಿದ್ದಾಗ ಅದರ ತಪ್ಪು ಗಂಟೆಗೆ 1 ಕಿ.ಮೀ.ಗಿಂತ ಕಡಿಮೆ. ಸುರಂಗ, ಎತ್ತರದ ಕಟ್ಟಡ, ದಟ್ಟ ಮರ ಇದ್ದರೆ ನಂಬಬಾರದು. ಒಮ್ಮೆಲೇ ವೇಗ ಏರಿಸಿದಾಗ ಪರದೆಯ ಅಂಕಿ ಒಂದೆರಡು ಸೆಕೆಂಡು ಹಿಂದೆ ಬೀಳುತ್ತದೆ, ಆದರೆ ಇಳಿಯುವಾಗಲೂ ಹಾಗೆಯೇ ಹಿಂದೆ ಬೀಳುವುದರಿಂದ ಒಟ್ಟು ಮೊತ್ತ ಹೆಚ್ಚು ಕೆಡುವುದಿಲ್ಲ. 130 ಮೀಟರ್ ಎಂದರೆ ಶೇಕಡಾ 3. ಅಷ್ಟನ್ನು ಜಿಪಿಎಸ್ ತಪ್ಪಿಗೆ ಹಾಕುವುದು ಕಷ್ಟ. ಮೇಲಾಗಿ ನಕ್ಷೆಯ ಅಳತೆ ಬೇರೆ ದಾರಿಯಿಂದ ಬಂದು ಅಲ್ಲಿಗೇ ತಲುಪುತ್ತಿದೆ.

4,180 ಎಂದು ಹಿಡಿದು ಮತ್ತೆ ಭಾಗಿಸಿ. 84.3 ಬರುತ್ತದೆ. ನಿಮ್ಮ ಪರದೆಯ 83, 84 ಮತ್ತು ಒಂದು ಓವರ್‌ಟೇಕ್, ಎಲ್ಲವೂ ಇದಕ್ಕೆ ಹೊಂದುತ್ತವೆ. 86.9ಕ್ಕೆ ಹೊಂದುವುದಿಲ್ಲ.

ಬಾಗಿಲು

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಂಬರ್ ಪ್ಲೇಟ್ ತಪ್ಪು ಓದುವ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಬಂದ ಸರಾಸರಿ ವೇಗದ ನೋಟಿಸಿನಲ್ಲಿ ಪ್ರವೇಶದ ಚಿತ್ರದಲ್ಲಿ ನನ್ನ ಕಾರು, ನಿರ್ಗಮನದ ಚಿತ್ರದಲ್ಲಿ ಅದೇ ಬಣ್ಣದ ಇನ್ನೊಂದು ಕಾರು ಇತ್ತು. ಅದರ ಪ್ಲೇಟಿನ ಒಂದು 8ರ ಮೇಲೆ ಕೆಸರು ಬಿದ್ದು 3ರಂತೆ ಓದಿಕೊಂಡಿದೆ. ಆ ಕಾರಿನ ಮೇಲೆ ಸಾಮಾನು ಕಟ್ಟುವ ಕಂಬಿಗಳಿದ್ದವು, ನನ್ನದಕ್ಕಿಲ್ಲ. ಅದನ್ನು ತೋರಿಸಿ ಬರೆದೆ, ನೋಟಿಸು ರದ್ದಾಯಿತು.

ಅಳತೆಗಾರ

ಒಳ್ಳೆಯ ಉದಾಹರಣೆ. ನಂಬರು ಓದದೆ ಬಿಟ್ಟುಹೋದರೆ ಚಾಲಕನಿಗೆ ತೊಂದರೆಯಿಲ್ಲ. ನಿರ್ಗಮನ ದಾಖಲಾಗದೆ ಸಂಜೆ ಅದೇ ದಾರಿಯಲ್ಲಿ ಮತ್ತೆ ಹೋದಾಗ ದಾಖಲಾದರೆ ಸರಾಸರಿ ನಡಿಗೆಗಿಂತ ನಿಧಾನ ಬರುತ್ತದೆ. ಬೇರೆಯವರ ನಂಬರನ್ನು ನಿಮ್ಮದೆಂದು ಓದಿದಾಗ ಮಾತ್ರ ನಿಮಗಿಂತ ಮುಂದೆ ಹೋದವರ ಸಮಯ ನಿಮಗೆ ಅಂಟಿ ವೇಗ ಏರುತ್ತದೆ.

ದೂರದಾರಿ

ಇಂದು ದೂರದ ಪ್ರಮಾಣಪತ್ರದ ಪ್ರತಿ ಬಂತು. ಅದರ ತಾರೀಖು ತಿರುವು ನೇರವಾಗುವ ಕಾಮಗಾರಿ ಮುಗಿಯುವುದಕ್ಕೆ ಏಳು ತಿಂಗಳು ಮುಂಚಿನದು. ಆಮೇಲೆ ಮತ್ತೆ ಅಳೆದಿದ್ದಾರೆಯೇ ಎಂದು ಕೇಳಿ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಕಡತ

ಹಾಗಾದರೆ ನಿಮ್ಮ ಆಕ್ಷೇಪಣೆಯಲ್ಲಿ ಉಳಿದೆಲ್ಲವನ್ನೂ ತೆಗೆದುಹಾಕಿ ಇದೊಂದನ್ನೇ ಇಡಿ. ಆ ತಾರೀಖು, ಹಳೆಯ ತಿರುವಿನ ಚಿತ್ರ, ನಿಮ್ಮ 178 ಸಾಲಿನ ಪಟ್ಟಿ, ನಕ್ಷೆಯ ಅಳತೆ. ಈಗಿನ ರಸ್ತೆಯ ದೂರವನ್ನು ಯಾರೂ ಪ್ರಮಾಣಿಸಿಲ್ಲ, ಆದ್ದರಿಂದ ಈ ಸರಾಸರಿಗೆ ಆಧಾರವಿಲ್ಲ ಎಂದು ಬರೆದರೆ ಸಾಕು.

ಅಳತೆಗಾರ

ನಾನು ಪೂರ್ತಿ ಒಪ್ಪಲಾರೆ. 84.3ರಿಂದ ದಶಮಾಂಶ ಬಿಟ್ಟು 3 ಕಳೆದರೂ 81 ಉಳಿಯುತ್ತದೆ, ಮಿತಿ 80. ದೂರದಾರಿಯವರದೇ ಪಟ್ಟಿಯನ್ನು ಸಲ್ಲಿಸಿದರೆ ಮಿತಿ ಮೀರಿದ್ದನ್ನು ಅವರೇ ಬರೆದುಕೊಟ್ಟಂತಾಗುತ್ತದೆ.

ಕಡತ

ಅದನ್ನೇ ನಾನೂ ಯೋಚಿಸುತ್ತಿದ್ದೆ. ಪಟ್ಟಿಯನ್ನು ಸದ್ಯ ಕೈಯಲ್ಲೇ ಇಟ್ಟುಕೊಂಡು ಪ್ರಮಾಣಪತ್ರದ ತಾರೀಖನ್ನಷ್ಟೇ ಮುಂದಿಡುವುದು ಒಂದು ದಾರಿ. ಹಾಗೆ ಮಾಡುವುದೋ ಬೇಡವೋ ಎಂಬುದನ್ನು ಅವರೇ ಹೇಳಬೇಕು.

ದೂರದಾರಿ

ಓವರ್‌ಟೇಕಿನ 101ನ್ನು ಇಲ್ಲಿ ಬರೆದವನು ಅಲ್ಲಿ ಬಚ್ಚಿಡುವುದು ನನಗೆ ಸರಿಬರುವುದಿಲ್ಲ. ಪಟ್ಟಿಯನ್ನೂ ಸೇರಿಸಿಯೇ ಕಳಿಸಿದ್ದೇನೆ. 83ರ ಬದಲು 81 ಎಂದು ತಿದ್ದಿ ಕಳಿಸಿದರೆ ದಂಡ ಕಟ್ಟುತ್ತೇನೆ. ಆದರೆ ಆ ರಸ್ತೆಯನ್ನು ಮತ್ತೊಮ್ಮೆ ಅಳೆಯಲಿ. ನನ್ನ ಮೊದಲೂ ನಂತರವೂ ಅಲ್ಲಿ ಹೋದವರೆಲ್ಲರ ನೋಟಿಸಿನಲ್ಲಿ ಅದೇ 4,310 ಇದೆಯಲ್ಲ. ಟೈರನ್ನು ನಾಳೆ ಬದಲಿಸುತ್ತಿದ್ದೇನೆ. ಉತ್ತರ ಬಂದಾಗ ಇಲ್ಲಿ ಬರೆಯುತ್ತೇನೆ.

ಗುಬ್ಬಚ್ಚಿ

ನನಗೆ ಮೂಲ ಚಿತ್ರ ಬಂತು. ಲಾರಿಯ ಮುಂದಿನ ಚಕ್ರ ಪೂರ್ತಿ ಕಾಣುತ್ತಿದೆ. ಐದೂವರೆ ಗೀರು, ಕೂದಲೆಳೆಯೂ ಅತ್ತಿತ್ತ ಇಲ್ಲ.